132 + 168 = 230 ಆಗೋದು ಹೇಗೆ? ಚೋಕ್, ರಿಯೋಸ್ಟಾಟ್ ಮತ್ತು ಕಾಣೆಯಾದ 36 ವ್ಯಾಟ್

ಪ್ರಶ್ನೆ: ಸರ್, ನಾನು ಎಲೆಕ್ಟ್ರಿಕಲ್ ಡಿಪ್ಲೊಮಾ ಎರಡನೇ ವರ್ಷದಲ್ಲಿದ್ದೇನೆ. ಲ್ಯಾಬ್‌ನಲ್ಲಿ 100 ಓಮ್‌ಗೆ ಇಟ್ಟ ರಿಯೋಸ್ಟಾಟ್ ಮತ್ತು ಕಬ್ಬಿಣದ ಕೋರ್ ಇರುವ ಚೋಕ್ ಕಾಯಿಲ್ ಎರಡನ್ನೂ ಸೀರೀಸ್‌ನಲ್ಲಿ ಹಾಕಿ 230 ವೋಲ್ಟ್, 50 ಹರ್ಟ್ಜ್ ಕೊಟ್ಟೆವು. ಕರೆಂಟ್ 1.32 ಆಂಪಿಯರ್. ರಿಯೋಸ್ಟಾಟ್ ಮೇಲೆ 132 ವೋಲ್ಟ್, ಚೋಕ್ ಮೇಲೆ 168. ಕೂಡಿದರೆ 300 ಬರುತ್ತೆ! ವರ್ಗ ಮಾಡಿ ಕೂಡಬೇಕು ಅಂದರು, ಹಾಗೆ ಮಾಡಿದರೂ 214 ಬಂತು, 230 ಬರಲಿಲ್ಲ. ವ್ಯಾಟ್‌ಮೀಟರ್ 210 ತೋರಿಸುತ್ತೆ, I²R ಹಾಕಿದರೆ 174 ಮಾತ್ರ. ಚೋಕನ್ನು ಬಿಚ್ಚಿ ಮಲ್ಟಿಮೀಟರ್‌ನಲ್ಲಿ ನೋಡಿದರೆ 14 ಓಮ್. ಮೀಟರ್ ಕೆಟ್ಟಿದೆಯಾ? ಇನ್ನೊಂದು, ರಿಯಾಕ್ಟಿವ್ ಪವರ್ ಅಂದ್ರೆ ಸುಮ್ನೆ ಪೋಲಾಗೋ ಕರೆಂಟ್ ಅಂತಾರೆ. ಕೆಪಾಸಿಟರ್ ಹಾಕಿದರೆ ಮನೆ ಬಿಲ್ ಕಡಿಮೆ ಆಗುತ್ತಾ?

ಉತ್ತರ: ನಿಮ್ಮ ಮೀಟರುಗಳೆಲ್ಲ ಸರಿಯಾಗಿವೆ. ಅಷ್ಟೇ ಅಲ್ಲ, ಒಂದಕ್ಕೊಂದು ಚೆನ್ನಾಗಿ ತಾಳೆಯಾಗುತ್ತಿವೆ. ರೆಕಾರ್ಡ್ ಬುಕ್‌ನಲ್ಲಿ ಯಾವ ಅಂಕಿಯನ್ನೂ ತಿದ್ದಬೇಡಿ. ತಪ್ಪಿರುವುದು ಒಂದೇ ಕಡೆ. ಚೋಕನ್ನು ನೀವು ಶುದ್ಧ ಇಂಡಕ್ಟರ್ ಅಂದುಕೊಂಡಿದ್ದೀರಿ.

ಮೊದಲು 300ರ ವಿಷಯ ನೋಡೋಣ. ಎಸಿ ವೋಲ್ಟ್‌ಮೀಟರ್ ವೋಲ್ಟೇಜ್ ಎಷ್ಟು ಅಂತ ಹೇಳುತ್ತದೆ. ಯಾವಾಗ ಅಂತ ಹೇಳುವುದಿಲ್ಲ. 50 ಹರ್ಟ್ಜ್‌ನಲ್ಲಿ ಒಂದು ಪೂರ್ತಿ ಸುತ್ತಿಗೆ 20 ಮಿಲಿಸೆಕೆಂಡ್ ಬೇಕು. ನಿಮ್ಮ ಸರ್ಕ್ಯೂಟಿನಲ್ಲಿ ಚೋಕ್ ಮೇಲಿನ ವೋಲ್ಟೇಜ್ ತನ್ನ ತುದಿ ಮುಟ್ಟಿದ ಮೇಲೆ ಸುಮಾರು ನಾಲ್ಕೂವರೆ ಮಿಲಿಸೆಕೆಂಡ್ ಬಿಟ್ಟು ರಿಯೋಸ್ಟಾಟ್ ಮೇಲಿನ ವೋಲ್ಟೇಜ್ ತನ್ನ ತುದಿ ಮುಟ್ಟುತ್ತದೆ. ಎರಡೂ ಒಟ್ಟಿಗೆ ಮೇಲೇರುವುದೇ ಇಲ್ಲ. ಹಾಗಿರುವಾಗ ಅವುಗಳ ಅಂಕಿಗಳನ್ನು ನೇರವಾಗಿ ಕೂಡುವುದಕ್ಕೆ ಅರ್ಥವಿಲ್ಲ.

ಹಾಗಂತ ಕಿರ್ಚಾಫ್ ನಿಯಮ ಎಲ್ಲೂ ಮುರಿದಿಲ್ಲ. ಒಂದೇ ಒಂದು ಕ್ಷಣ ಹಿಡಿದು ನೋಡಿ. ರಿಯೋಸ್ಟಾಟ್ ವೋಲ್ಟೇಜ್ ತುದಿಯಲ್ಲಿರುವ ಕ್ಷಣ ಅಂದುಕೊಳ್ಳಿ. ಆಗ ಅದು 132ರ 1.414 ಪಟ್ಟು, ಅಂದರೆ ಸುಮಾರು 187 ವೋಲ್ಟ್. ಚೋಕ್‌ನ ತುದಿ 238 ವೋಲ್ಟ್. ಆದರೆ ಆ ಕ್ಷಣಕ್ಕೆ ಅದು ಕೆಳಗಿಳಿದು 39 ವೋಲ್ಟ್‌ಗೆ ಬಂದಿರುತ್ತದೆ. ಎರಡೂ ಸೇರಿ 226. ಅದೇ ಕ್ಷಣದಲ್ಲಿ ಸಪ್ಲೈ ಎಷ್ಟಿರುತ್ತದೆ ಗೊತ್ತಾ? ಅದೂ 226. ಅದರ ತುದಿಯಾದ 325 ಎರಡೂವರೆ ಮಿಲಿಸೆಕೆಂಡ್ ಮೊದಲೇ ಬಂದು ಹೋಗಿರುತ್ತದೆ. ಯಾವ ಕ್ಷಣ ತೆಗೆದುಕೊಂಡರೂ ಹೀಗೇ ಸರಿಹೋಗುತ್ತದೆ.

ಪ್ರತಿ ಕ್ಷಣವನ್ನೂ ಹೀಗೆ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲವಲ್ಲ, ಅದಕ್ಕೇ ಫೇಸರ್. ಗೆರೆಯ ಉದ್ದ ಮೀಟರ್ ತೋರಿಸಿದ ಅಂಕಿ, ಗೆರೆಯ ಓರೆ ಹೊತ್ತಿನ ಅಂತರ. 1893ರಲ್ಲಿ ಷಿಕಾಗೋದ ವಿದ್ಯುತ್ ಸಮ್ಮೇಳನಕ್ಕೆ ಸ್ಟೈನ್‌ಮೆಟ್ಜ್ ಎಂಬ ಎಂಜಿನಿಯರ್ ಮಂಡಿಸಿದ ಪ್ರಬಂಧದಿಂದ ಈ ದಾರಿ ಎಂಜಿನಿಯರುಗಳ ಕೈಗೆ ಬಂತು. ಅದಕ್ಕೂ ಮೊದಲು ಇದೇ ಲೆಕ್ಕಕ್ಕೆ ಕ್ಯಾಲ್ಕುಲಸ್ ಹಿಡಿದು ಒದ್ದಾಡಬೇಕಿತ್ತು.

ಈಗ ನಿಮ್ಮ 214. ವರ್ಗ ಮಾಡಿ ಕೂಡುವ ಸೂತ್ರ ನಡೆಯುವುದು ಎರಡು ಗೆರೆಗಳ ನಡುವೆ ಸರಿಯಾಗಿ 90 ಡಿಗ್ರಿ ಇದ್ದಾಗ ಮಾತ್ರ. ಪುಸ್ತಕದಲ್ಲಿ ಚೋಕ್ ಅಂದರೆ ಬರೀ L. ಮೇಜಿನ ಮೇಲಿರುವ ಚೋಕ್‌ನಲ್ಲಿ ನೂರಾರು ಸುತ್ತು ತಾಮ್ರದ ತಂತಿ ಇದೆ, ಕಬ್ಬಿಣದ ತಗಡುಗಳ ಕೋರ್ ಇದೆ. ಎರಡೂ ಬಿಸಿಯಾಗುತ್ತವೆ. ಬಿಸಿಯಾಗುವುದೇನಿದ್ದರೂ ಸರ್ಕ್ಯೂಟಿಗೆ ರೆಸಿಸ್ಟೆನ್ಸ್‌ನ ಹಾಗೆಯೇ ಕಾಣುತ್ತದೆ. ಹಾಗಾಗಿ ಚೋಕ್ ವೋಲ್ಟೇಜ್ ಕರೆಂಟಿಗಿಂತ ಮುಂದಿರುತ್ತದೆ, ಆದರೆ ಪೂರ್ತಿ 90 ಡಿಗ್ರಿ ಮುಂದಿರುವುದಿಲ್ಲ. ಎಷ್ಟು ಮುಂದಿದೆ ಅನ್ನುವುದನ್ನು ನಿಮ್ಮ ಮೂರು ವೋಲ್ಟೇಜುಗಳೇ ಹೇಳುತ್ತವೆ.

ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಗ್ರಾಫ್ ಹಾಳೆ, ಸ್ಕೇಲ್, ಕೈವಾರ ತೆಗೆದುಕೊಳ್ಳಿ. 20 ವೋಲ್ಟ್‌ಗೆ 1 ಸೆಂ.ಮೀ. ಅಂತ ಇಟ್ಟುಕೊಳ್ಳಿ. ಸೀರೀಸ್ ಸರ್ಕ್ಯೂಟಿನಲ್ಲಿ ಎಲ್ಲ ಕಡೆಯೂ ಒಂದೇ ಕರೆಂಟ್, ಅದಕ್ಕೇ ಕರೆಂಟನ್ನು ಅಡ್ಡಗೆರೆಯ ದಿಕ್ಕಿನಲ್ಲಿ ಇಡುವುದು ಸುಲಭ. ರಿಯೋಸ್ಟಾಟ್ ವೋಲ್ಟೇಜ್ ಕರೆಂಟಿನ ಜೊತೆಗೇ ಹೋಗುತ್ತದೆ. ಆದ್ದರಿಂದ A ಯಿಂದ B ಗೆ 6.6 ಸೆಂ.ಮೀ. ಅಡ್ಡಗೆರೆ ಎಳೆಯಿರಿ. ಇದು 132 ವೋಲ್ಟ್. ಕೈವಾರವನ್ನು 8.4 ಸೆಂ.ಮೀ.ಗೆ ಅಗಲಿಸಿ B ಯಲ್ಲಿ ಊರಿ ಮೇಲೆ ಒಂದು ಕಂಸ ಹಾಕಿ. ಇದು ಚೋಕ್‌ನ 168. ಮತ್ತೆ 11.5 ಸೆಂ.ಮೀ.ಗೆ ಅಗಲಿಸಿ A ಯಲ್ಲಿ ಊರಿ ಇನ್ನೊಂದು ಕಂಸ ಹಾಕಿ. ಇದು ಸಪ್ಲೈನ 230. ಎರಡು ಕಂಸ ಸೇರುವ ಜಾಗ C.

C ಯಿಂದ ಅಡ್ಡಗೆರೆಗೆ ನೇರ ಲಂಬ ಇಳಿಸಿ. ಚೋಕ್ ಶುದ್ಧ ಇಂಡಕ್ಟರ್ ಆಗಿದ್ದರೆ ಈ ಲಂಬ ಸರಿಯಾಗಿ B ಮೇಲೇ ಬೀಳಬೇಕಿತ್ತು. ಬೀಳುವುದಿಲ್ಲ. B ದಾಟಿ ಸುಮಾರು 1.4 ಸೆಂ.ಮೀ. ಆಚೆ ಬೀಳುತ್ತದೆ. ನಿಮ್ಮನ್ನು ಕಾಡುತ್ತಿರುವ ಎಲ್ಲದಕ್ಕೂ ಉತ್ತರ ಆ 1.4 ಸೆಂ.ಮೀ.ನಲ್ಲಿದೆ.

ಅದೇ ವಿಷಯವನ್ನು ಲೆಕ್ಕದಲ್ಲಿ ನೋಡೋಣ. ರಿಯೋಸ್ಟಾಟ್ ಮತ್ತು ಚೋಕ್ ವೋಲ್ಟೇಜುಗಳ ನಡುವಿನ ಕೋನ θ ಅಂದರೆ,

```
cos θ = (230² − 132² − 168²) / (2 × 132 × 168)
      = 7252 / 44352 = 0.1635
θ     = 80.6°
```

90 ಅಲ್ಲ, 80.6. ಚೋಕ್‌ನ 168 ವೋಲ್ಟನ್ನು ಈಗ ಎರಡು ಭಾಗ ಮಾಡಿ. ಕರೆಂಟಿನ ದಿಕ್ಕಿನಲ್ಲಿ 168 × 0.1635, ಅಂದರೆ 27.5 ವೋಲ್ಟ್. ಗ್ರಾಫ್‌ನಲ್ಲಿ ನೋಡಿದ 1.4 ಸೆಂ.ಮೀ. ಇದೇ. ಕರೆಂಟಿಗೆ ಲಂಬವಾಗಿ 165.7 ವೋಲ್ಟ್. ಎರಡನ್ನೂ 1.32ರಿಂದ ಭಾಗಿಸಿದರೆ ಚೋಕ್‌ನ ಒಳಗುಟ್ಟು ಸಿಗುತ್ತದೆ. ಅದರ ರೆಸಿಸ್ಟೆನ್ಸ್ 20.8 ಓಮ್, ರಿಯಾಕ್ಟೆನ್ಸ್ 125.6 ಓಮ್. ರಿಯಾಕ್ಟೆನ್ಸನ್ನು 314ರಿಂದ ಭಾಗಿಸಿದರೆ ಇಂಡಕ್ಟೆನ್ಸ್ 0.4 ಹೆನ್ರಿ.

ಇಷ್ಟಾದ ಮೇಲೆ ಪವರ್ ಲೆಕ್ಕಕ್ಕೆ ಬೇರೆ ಸೂತ್ರ ಹುಡುಕಬೇಕಾಗಿಲ್ಲ. ಕರೆಂಟಿನ ದಿಕ್ಕಿನಲ್ಲಿರುವ ವೋಲ್ಟೇಜ್ ಎಲ್ಲ ರಿಯಲ್ ಪವರ್ ಕೊಡುತ್ತದೆ. ಲಂಬವಾಗಿರುವುದು ರಿಯಾಕ್ಟಿವ್ ಪವರ್ ಕೊಡುತ್ತದೆ.

```
P = (132 + 27.5) × 1.32 = 210.5 W
Q = 165.7 × 1.32        = 218.7 var
S = 230 × 1.32          = 303.6 VA
cos φ = 210.5 / 303.6   = 0.693   (φ = 46.1°)
```

ವ್ಯಾಟ್‌ಮೀಟರ್ 210 ತೋರಿಸಿತ್ತು, ಅಲ್ವಾ? ವ್ಯಾಟ್‌ಮೀಟರನ್ನು ಮುಟ್ಟದೆ, ಬರೀ ವೋಲ್ಟ್‌ಮೀಟರ್ ಮತ್ತು ಆಮೀಟರ್ ಅಂಕಿಗಳಿಂದ ನಾವು ಅದೇ ಉತ್ತರಕ್ಕೆ ಬಂದೆವು. ಇದಕ್ಕೇ ಮೂರು ವೋಲ್ಟ್‌ಮೀಟರ್ ವಿಧಾನ ಎನ್ನುವುದು. ನಿಮಗೆ ಗೊತ್ತಿಲ್ಲದೆಯೇ ಅದನ್ನು ಮಾಡಿ ಮುಗಿಸಿದ್ದೀರಿ.

ಗಮನಿಸಬೇಕಾದ್ದು ಇನ್ನೊಂದಿದೆ. ಚೋಕನ್ನು ಶುದ್ಧ ಅಂದುಕೊಂಡು ಲೆಕ್ಕ ಹಾಕಿದ್ದರೆ ರಿಯಾಕ್ಟೆನ್ಸ್ 168 ಭಾಗಿಸು 1.32, ಅಂದರೆ 127.3 ಬರುತ್ತಿತ್ತು. ರಿಯಾಕ್ಟಿವ್ ಪವರ್ 222 ವಾರ್ ಬರುತ್ತಿತ್ತು. ಸರಿಯಾದ 219ಕ್ಕೂ ಇದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಆದರೆ ರಿಯಲ್ ಪವರ್ 210ರ ಬದಲು 174 ಆಗಿ ಕೂರುತ್ತದೆ. ತಪ್ಪೆಲ್ಲ ಹೋಗಿ ವ್ಯಾಟಿನ ತಲೆಯ ಮೇಲೆ ಕೂರುತ್ತದೆ. ಅದಕ್ಕೇ ಇಂಥ ಪ್ರಯೋಗದಲ್ಲಿ Q ಸರಿ ಬಂತು ಅಂತ ಸಮಾಧಾನ ಪಡಬಾರದು. P ಯನ್ನು ವ್ಯಾಟ್‌ಮೀಟರ್ ಜೊತೆ ಹೋಲಿಸಿದಾಗಲೇ ಬಂಡವಾಳ ಗೊತ್ತಾಗುವುದು.

ಈಗ ಕಾಣೆಯಾದ 36 ವ್ಯಾಟ್. ರಿಯೋಸ್ಟಾಟ್ 174 ತಿಂದಿತು, ಚೋಕ್ 1.32ರ ವರ್ಗ × 20.8, ಅಂದರೆ 36 ತಿಂದಿತು. ಒಟ್ಟು 210. ಇಲ್ಲಿಗೆ ಲೆಕ್ಕ ಮುಗಿಯಿತು ಅನ್ನಿಸಬಹುದು. ಆದರೆ ನಿಮ್ಮ ಮಲ್ಟಿಮೀಟರ್ 14 ಓಮ್ ತೋರಿಸಿದೆ, ನಾವು 20.8 ಅಂತಿದ್ದೇವೆ. ಯಾವುದು ಸರಿ? ಎರಡೂ ಸರಿ. ಅವೆರಡು ಬೇರೆ ಬೇರೆ ವಿಷಯ ಹೇಳುತ್ತಿವೆ.

ಮಲ್ಟಿಮೀಟರ್ ತನ್ನ ಬ್ಯಾಟರಿಯಿಂದ ಡಿಸಿ ಕರೆಂಟ್ ಬಿಟ್ಟು ತಾಮ್ರದ ತಂತಿಯನ್ನು ಮಾತ್ರ ಅಳೆಯುತ್ತದೆ. ಡಿಸಿಯಲ್ಲಿ ಕೋರ್ ಒಳಗೆ ಏನೂ ಅಲುಗಾಡುವುದಿಲ್ಲ. ಎಸಿ ಕೊಟ್ಟಾಗ ಕಬ್ಬಿಣ ಸೆಕೆಂಡಿಗೆ 50 ಸಲ ಪೂರ್ತಿ ಆಚೀಚೆ ಕಾಂತವಾಗಬೇಕು. ಅದರಲ್ಲಿ ಹಿಸ್ಟರಿಸಿಸ್ ನಷ್ಟವಿದೆ. ತಗಡುಗಳ ಒಳಗೆ ಎಡ್ಡಿ ಕರೆಂಟ್ ಸುತ್ತುತ್ತದೆ, ಅದೂ ನಷ್ಟವೇ. ಆ ಬಿಸಿಗೆ ಬೇಕಾದ ವ್ಯಾಟ್ ಕೂಡ ಇದೇ ಸಪ್ಲೈಯಿಂದ ಬರಬೇಕು. ಹಾಗಾಗಿ ಚೋಕ್‌ನ ಎಸಿ ರೆಸಿಸ್ಟೆನ್ಸ್ ಯಾವಾಗಲೂ ಡಿಸಿ ರೆಸಿಸ್ಟೆನ್ಸ್‌ಗಿಂತ ಜಾಸ್ತಿ. ಕೆಲವರು ಇದಕ್ಕೆ ಸ್ಕಿನ್ ಎಫೆಕ್ಟ್ ಕಾರಣ ಅಂತ ವೈವಾದಲ್ಲಿ ಹೇಳಿಬಿಡುತ್ತಾರೆ. 50 ಹರ್ಟ್ಜ್‌ನಲ್ಲಿ, ಈ ಸಣ್ಣ ತಂತಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ. ಕಾರಣ ಕೋರ್.

14 ಓಮ್ ಅಂತಲೇ ಹಿಡಿದರೆ ತಾಮ್ರಕ್ಕೆ 24 ವ್ಯಾಟ್, ಕಬ್ಬಿಣಕ್ಕೆ ಉಳಿದ 12 ವ್ಯಾಟ್. ಆದರೆ ಒಂದು ಎಚ್ಚರಿಕೆ ಬೇಕು. ನೀವು ಮಲ್ಟಿಮೀಟರ್ ಇಟ್ಟಾಗ ಚೋಕ್ ತಣ್ಣಗಿತ್ತಾ, ಬಿಸಿಯಿತ್ತಾ? ತಾಮ್ರದ ರೆಸಿಸ್ಟೆನ್ಸ್ ಒಂದೊಂದು ಡಿಗ್ರಿಗೆ ಸುಮಾರು 0.39 ಶೇಕಡಾ ಏರುತ್ತದೆ. 40 ಡಿಗ್ರಿ ಬಿಸಿಯಾದರೆ 14 ಓಮ್ ಹೋಗಿ 16 ದಾಟುತ್ತದೆ. ಆಗ ತಾಮ್ರದ ಪಾಲು 28 ವ್ಯಾಟ್, ಕಬ್ಬಿಣದ ಪಾಲು 8 ಅಷ್ಟೇ. ಪಾಲು ಹಂಚಿ ಬರೆಯುವ ಆಸೆ ಇದ್ದರೆ ಪ್ರಯೋಗ ಮುಗಿದು ಸಪ್ಲೈ ತೆಗೆದ ಕೂಡಲೇ, ಬಿಸಿ ಆರುವ ಮೊದಲೇ ಡಿಸಿ ರೆಸಿಸ್ಟೆನ್ಸ್ ಅಳೆಯಿರಿ.

ಈ ವಿಧಾನದ ಒಂದು ದೊಡ್ಡ ದೌರ್ಬಲ್ಯವನ್ನೂ ಹೇಳಲೇಬೇಕು, ಯಾಕೆಂದರೆ ನಿಮ್ಮ ಅಂಕಿಗಳು ಇಷ್ಟು ಚೆನ್ನಾಗಿ ತಾಳೆಯಾಗಿರುವುದರಲ್ಲಿ ಸ್ವಲ್ಪ ಅದೃಷ್ಟವೂ ಇದೆ. ಮೇಲಿನ cos θ ಲೆಕ್ಕ ನೋಡಿ. 52,900ರಲ್ಲಿ 45,648 ಕಳೆದು 7,252 ಉಳಿಸಿಕೊಂಡಿದ್ದೇವೆ. ಎರಡು ದೊಡ್ಡ ಅಂಕಿಗಳ ನಡುವಿನ ಸಣ್ಣ ವ್ಯತ್ಯಾಸ. ದೊಡ್ಡದರಲ್ಲಿ ಚೂರು ಏರುಪೇರಾದರೂ ಸಣ್ಣದು ಜೋರಾಗಿ ಅಲ್ಲಾಡುತ್ತದೆ.

ಎಷ್ಟು ಜೋರಾಗಿ? ಚೋಕ್ ಮೇಲೆ 168ರ ಬದಲು 170 ಓದಿದಿರಿ ಅಂದುಕೊಳ್ಳಿ. ಮುಳ್ಳಿನ ಮೀಟರ್‌ನಲ್ಲಿ ಓರೆಯಾಗಿ ನೋಡಿದರೆ ಎರಡು ವೋಲ್ಟ್ ಹೆಚ್ಚುಕಮ್ಮಿ ಆಗುವುದು ಮಾಮೂಲು. ಚೋಕ್ ರೆಸಿಸ್ಟೆನ್ಸ್ 20.8ರಿಂದ 18.9ಕ್ಕೆ ಇಳಿಯುತ್ತದೆ. ಒಂದು ಶೇಕಡಾ ತಪ್ಪು ಓದಿದ್ದಕ್ಕೆ ಉತ್ತರದಲ್ಲಿ ಒಂಬತ್ತು ಶೇಕಡಾ ತಪ್ಪು. ಇನ್ನೂ ಕೆಟ್ಟದ್ದು ಸಪ್ಲೈ ಏರಿಳಿತ. ಒಂದೇ ವೋಲ್ಟ್‌ಮೀಟರನ್ನು ಮೊದಲು ರಿಯೋಸ್ಟಾಟ್‌ಗೆ, ಆಮೇಲೆ ಚೋಕ್‌ಗೆ, ಕೊನೆಗೆ ಸಪ್ಲೈಗೆ ಹಿಡಿಯುತ್ತೀರಿ. ಅಷ್ಟರಲ್ಲಿ ಪಕ್ಕದ ವರ್ಕ್‌ಶಾಪ್‌ನಲ್ಲಿ ಯಾರೋ ಲೇತ್ ಶುರು ಮಾಡುತ್ತಾರೆ, ಸಪ್ಲೈ 227ಕ್ಕೆ ಇಳಿಯುತ್ತದೆ. ನೀವು 227 ಅಂತ ಬರೆದುಕೊಳ್ಳುತ್ತೀರಿ. ರೆಸಿಸ್ಟೆನ್ಸ್ 16.9 ಬರುತ್ತದೆ. ಮೀಟರೂ ಸರಿ, ಓದಿದ್ದೂ ಸರಿ, ಉತ್ತರ ಮಾತ್ರ ತಪ್ಪು.

ಇದಕ್ಕೆ ನಾನು ಲ್ಯಾಬ್‌ನಲ್ಲಿ ಹೇಳುವುದು ಇಷ್ಟೇ. ಮೂರು ವೋಲ್ಟ್‌ಮೀಟರ್ ಇದ್ದರೆ ಮೂರನ್ನೂ ಒಟ್ಟಿಗೆ ಕಟ್ಟಿ, ಒಂದೇ ಹೊತ್ತಿಗೆ ಓದಿ. ಒಂದೇ ಇದ್ದರೆ ಸಪ್ಲೈಯನ್ನು ಮೊದಲು ಮತ್ತು ಕೊನೆಗೆ ಎರಡು ಸಲ ಓದಿ. ಎರಡೂ ಒಂದೇ ಬರದಿದ್ದರೆ ಆ ಸಾಲನ್ನು ಹೊಡೆದುಹಾಕಿ ಮತ್ತೆ ಮಾಡಿ. ಆಮೀಟರ್ ಮುಳ್ಳಿನ ಮೇಲೂ ಒಂದು ಕಣ್ಣಿರಲಿ. ಅದು ಅಲುಗಾಡಿತು ಅಂದರೆ ಸಪ್ಲೈ ಅಲುಗಾಡಿತು ಅಂತಲೇ ಅರ್ಥ. ಇನ್ನೊಂದು, ರಿಯೋಸ್ಟಾಟ್ ವೋಲ್ಟೇಜ್ ಮತ್ತು ಚೋಕ್ ವೋಲ್ಟೇಜ್ ಹೆಚ್ಚುಕಡಿಮೆ ಸಮ ಇರುವ ಹಾಗೆ ರಿಯೋಸ್ಟಾಟ್ ಇಟ್ಟುಕೊಂಡರೆ ತಪ್ಪು ಕಡಿಮೆಯಾಗುತ್ತದೆ. ನಿಮ್ಮ 100 ಓಮ್ ತಕ್ಕಮಟ್ಟಿಗೆ ಒಳ್ಳೆಯ ಆಯ್ಕೆಯೇ.

ಹಾಗಾದರೆ ನೇರವಾಗಿ ವ್ಯಾಟ್‌ಮೀಟರನ್ನೇ ನಂಬಬಹುದಲ್ಲ? ಇಡೀ ಸರ್ಕ್ಯೂಟಿಗೆ ನಂಬಬಹುದು, ಪವರ್ ಫ್ಯಾಕ್ಟರ್, ಅಂದರೆ ಮೇಲಿನ cos φ, 0.69 ಇದೆ. ಆದರೆ ಬರೀ ಚೋಕ್‌ನ ವ್ಯಾಟ್ ಅಳೆಯಲು ಹೊರಟರೆ ಅಲ್ಲಿ ಪವರ್ ಫ್ಯಾಕ್ಟರ್ 0.16 ಅಷ್ಟೇ. ಮಾಮೂಲಿ ಯುಪಿಎಫ್ ವ್ಯಾಟ್‌ಮೀಟರಿನ ಮುಳ್ಳು ಸೊನ್ನೆಯ ಹತ್ತಿರವೇ ಮುದುರಿ ಕೂರುತ್ತದೆ. ಅದಕ್ಕೆ ಕಡಿಮೆ ಪವರ್ ಫ್ಯಾಕ್ಟರ್‌ಗೆಂದೇ ಮಾಡಿದ ಎಲ್‌ಪಿಎಫ್ ವ್ಯಾಟ್‌ಮೀಟರ್ ಬೇಕು. ಲ್ಯಾಬ್‌ನ ಬೀರುವಿನಲ್ಲಿ ಎರಡೂ ಪಕ್ಕಪಕ್ಕದಲ್ಲೇ ಇರುತ್ತವೆ, ನೋಡಲು ಒಂದೇ ಥರ. ಡಯಲ್ ಮೇಲೆ ಓದಿ ತೆಗೆದುಕೊಳ್ಳಿ.

ಇನ್ನು ರಿಯಾಕ್ಟಿವ್ ಪವರ್. ಅದು ಪೋಲಾಗುವ ಪವರ್ ಅಂತ ಎಷ್ಟೋ ಜನ ಹೇಳುತ್ತಾರೆ. ತಪ್ಪು. ಪೋಲಾಗಿದ್ದರೆ ಎಲ್ಲೋ ಬಿಸಿಯಾಗಬೇಕಿತ್ತು. ಬಿಸಿಯಾದದ್ದನ್ನೆಲ್ಲ ನಾವು ಆಗಲೇ P ಯಲ್ಲಿ ಲೆಕ್ಕ ಹಾಕಿ ಮುಗಿಸಿದ್ದೇವೆ. ನಿಮ್ಮ 219 ವಾರ್ ಏನು ಮಾಡುತ್ತಿದೆ ಅಂದರೆ, ಕರೆಂಟ್ ಏರುವಾಗ ಚೋಕ್‌ನ ಕಾಂತಕ್ಷೇತ್ರದಲ್ಲಿ ಶಕ್ತಿ ತುಂಬುತ್ತದೆ, ಇಳಿಯುವಾಗ ಅದನ್ನು ವಾಪಸ್ ಕೊಡುತ್ತದೆ. ಕರೆಂಟಿನ ತುದಿ 1.87 ಆಂಪಿಯರ್. ಆಗ ಚೋಕ್‌ನಲ್ಲಿರುವ ಶಕ್ತಿ ½ × 0.4 × 1.87², ಅಂದರೆ ಸುಮಾರು 0.7 ಜೂಲ್. ಸೆಕೆಂಡಿಗೆ 100 ಸಲ ಈ 0.7 ಜೂಲ್ ಒಳಗೆ ಹೋಗಿ ಹೊರಗೆ ಬರುತ್ತದೆ. ತೆಗೆದುಕೊಂಡದ್ದನ್ನು ಹಾಗೇ ಹಿಂದಿರುಗಿಸುವ ಕೈಗಡದ ಹಾಗೆ, ಕೊನೆಗೆ ಉಳಿಯುವುದು ಸೊನ್ನೆ. ಚೋಕ್‌ಗೆ ಕಿವಿ ಕೊಟ್ಟರೆ ಕೇಳುವ ಗುಂಯ್ ಸದ್ದು ಕೂಡ ಮುಖ್ಯವಾಗಿ ಇದೇ 100 ಹರ್ಟ್ಜ್. ತಗಡುಗಳನ್ನು ಕಾಂತಕ್ಷೇತ್ರ ಪ್ರತಿ ಅರ್ಧ ಸುತ್ತಿಗೂ ಒಮ್ಮೆ ಎಳೆಯುತ್ತದೆ.

ಆದರೆ ಈ ಓಡಾಟ ಪೂರ್ತಿ ಬಿಟ್ಟಿಯಲ್ಲ. ಆ ಶಕ್ತಿ ಹೋಗಿ ಬರುವುದು ವೈರ್ ಮೂಲಕವೇ. 210 ವ್ಯಾಟ್ ಕೆಲಸಕ್ಕೆ 0.92 ಆಂಪಿಯರ್ ಸಾಕಿತ್ತು, ಈಗ 1.32 ಹರಿಯುತ್ತಿದೆ. ಹೆಚ್ಚುವರಿ ಕರೆಂಟ್ ವೈರನ್ನು ಬಿಸಿ ಮಾಡುತ್ತದೆ. ನಷ್ಟ ಆಗುವುದು ವೈರ್‌ನಲ್ಲಿ, ರಿಯಾಕ್ಟಿವ್ ಪವರ್ ತಾನೇ ನಷ್ಟವಲ್ಲ.

ಲೆಕ್ಕದಲ್ಲಿ Q ಯ ಚಿಹ್ನೆ ತಪ್ಪುವವರು ಬಹಳ. ವೋಲ್ಟೇಜನ್ನು ಅಡ್ಡಗೆರೆಯಲ್ಲಿಟ್ಟರೆ ಕರೆಂಟ್ 1.32∠−46.1° ಆಗುತ್ತದೆ. ಕ್ಯಾಲ್ಕುಲೇಟರ್‌ನಲ್ಲಿ ಸುಮ್ನೆ V × I ಒತ್ತಿದರೆ Q ಮೈನಸ್ 219 ಬರುತ್ತದೆ. ಚೋಕ್ ಹೋಗಿ ಕೆಪಾಸಿಟರ್ ಆಗಿಬಿಡುತ್ತದೆ! ಕರೆಂಟಿನ ಕೋನದ ಚಿಹ್ನೆ ತಿರುಗಿಸಿ ಗುಣಿಸಬೇಕು.

```
S = V · I*  = 230∠0° × 1.32∠+46.1°
            = 210.5 + j218.7
```

ಹೀಗೆ ತಿರುಗಿಸಲು ಕಾರಣ, ಪವರ್‌ಗೆ ಬೇಕಾದದ್ದು ಎರಡು ಕೋನಗಳ ವ್ಯತ್ಯಾಸ. ಮಾಮೂಲಿ ಗುಣಾಕಾರ ಕೋನಗಳನ್ನು ಕೂಡುತ್ತದೆ. ಕರೆಂಟನ್ನೇ ಅಡ್ಡಗೆರೆಯಲ್ಲಿಟ್ಟರೆ ಈ ಗೊಂದಲವೇ ಇಲ್ಲ. ನಾವು ಗ್ರಾಫ್‌ನಲ್ಲಿ ಮಾಡಿದ್ದೂ ಅದನ್ನೇ.

ಫೇಸರ್‌ಗೂ ಒಂದು ಮಿತಿ ಇದೆ. ಎಲ್ಲವೂ ಸೈನ್ ಅಲೆಯಾಗಿದ್ದಾಗ ಮಾತ್ರ ಅದು ನಡೆಯುತ್ತದೆ. ವೋಲ್ಟೇಜ್ ಜಾಸ್ತಿ ಮಾಡುತ್ತಾ ಹೋದರೆ ಕೋರ್ ಸ್ಯಾಚುರೇಟ್ ಆಗುತ್ತದೆ, ಕರೆಂಟ್ ಅಲೆಯ ತುದಿ ಚೂಪಾಗುತ್ತದೆ, 0.4 ಹೆನ್ರಿ 0.4 ಆಗಿ ಉಳಿಯುವುದಿಲ್ಲ. ಹಳೆಯ ಟ್ಯೂಬ್‌ಲೈಟಿನ ಚೋಕ್ ಮತ್ತು ಟ್ಯೂಬ್ ಮೇಲೆ ವೋಲ್ಟ್ ಅಳೆದು ಇದೇ ತ್ರಿಕೋನ ಹಾಕಲು ಹೊರಟರೂ ಅಂಕಿಗಳು ಪೂರ್ತಿ ಕೂಡಿಬರುವುದಿಲ್ಲ. ಉರಿಯುವ ಟ್ಯೂಬಿನ ವೋಲ್ಟೇಜ್ ಸೈನ್ ಅಲೆಯೇ ಅಲ್ಲ.

ಕೊನೆಗೆ ಕೆಪಾಸಿಟರ್ ಮತ್ತು ಬಿಲ್. ಇಲ್ಲಿ ಎರಡು ದಾರಿ ಇವೆ. ಒಂದರಲ್ಲಿ ಲಾಭ ಸ್ವಲ್ಪ, ಇನ್ನೊಂದರಲ್ಲಿ ಅಪಾಯ.

ಮೊದಲನೆಯದು ಪ್ಯಾರಲಲ್. ನಿಮ್ಮ ಸರ್ಕ್ಯೂಟಿಗೆ ಅಡ್ಡವಾಗಿ, ಸಪ್ಲೈ ತುದಿಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಅದು 166 ವಾರ್ ಕೊಡುತ್ತದೆ. 219ರಲ್ಲಿ 53 ಮಾತ್ರ ಸಪ್ಲೈಯಿಂದ ಬರಬೇಕು. ಸಪ್ಲೈ ಕರೆಂಟ್ 1.32ರಿಂದ 0.94ಕ್ಕೆ ಇಳಿಯುತ್ತದೆ, ಪವರ್ ಫ್ಯಾಕ್ಟರ್ 0.97. ಆದರೆ ಆಮೀಟರನ್ನು ಚೋಕ್ ಇರುವ ಕವಲಿಗೆ ಹಾಕಿ ನೋಡಿ. ಅಲ್ಲಿ ಇನ್ನೂ 1.32 ಇರುತ್ತದೆ. ವ್ಯಾಟ್‌ಮೀಟರೂ ಅದೇ 210 ತೋರಿಸುತ್ತದೆ. ಚೋಕ್‌ಗೆ ಏನೂ ಬದಲಾಗಿಲ್ಲ. 0.7 ಜೂಲ್ ಓಡಾಟದ ಬಹುಪಾಲು ಈಗ ಪಕ್ಕದ ಕೆಪಾಸಿಟರ್ ಜೊತೆ ನಡೆಯುತ್ತಿದೆ, ಅಷ್ಟೇ.

ಮನೆ ಮೀಟರ್ ಲೆಕ್ಕ ಹಾಕುವುದು ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್. ವ್ಯಾಟ್ ಬದಲಾಗದಿದ್ದರೆ ಬಿಲ್ ಬದಲಾಗುವುದಿಲ್ಲ. ಮನೆಯ ವೈರಿಂಗ್ ರೆಸಿಸ್ಟೆನ್ಸ್ ಒಂದು ಓಮ್ ಇದೆ ಅಂತ ಧಾರಾಳವಾಗಿ ಹಿಡಿದರೂ ಉಳಿತಾಯ ಒಂದು ವ್ಯಾಟಿಗಿಂತ ಕಡಿಮೆ. ಅದೂ ಕೆಪಾಸಿಟರನ್ನು ಈ ಲೋಡ್ ಪಕ್ಕದಲ್ಲೇ ಹಾಕಿದಾಗ ಮಾತ್ರ. ಬಿಲ್ ಅರ್ಧಕ್ಕರ್ಧ ಇಳಿಸುತ್ತದೆ ಅಂತ ಮಾರುವ ‘ಪವರ್ ಸೇವರ್’ ಪ್ಲಗ್ ಬಿಚ್ಚಿದರೆ ಸಾಮಾನ್ಯವಾಗಿ ಒಳಗೆ ಸಿಗುವುದು ಒಂದು ಸಣ್ಣ ಕೆಪಾಸಿಟರ್, ಒಂದು ಎಲ್‌ಇಡಿ. ದುಡ್ಡು ಕೊಡಬೇಡಿ. ಕಾರ್ಖಾನೆಗಳ ಕಥೆ ಬೇರೆ. ಅಲ್ಲಿ ಪವರ್ ಫ್ಯಾಕ್ಟರ್ ನಿಗದಿತ ಮಟ್ಟಕ್ಕಿಂತ ಇಳಿದರೆ ಬಿಲ್‌ನಲ್ಲಿ ಹೆಚ್ಚುವರಿ ಶುಲ್ಕ ಬೀಳುತ್ತದೆ, ಕೇಬಲ್ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ಅವರಿಗೆ ಕೆಪಾಸಿಟರ್ ಬ್ಯಾಂಕ್ ಹಾಕುವುದು ಗಿಟ್ಟುತ್ತದೆ.

ಲ್ಯಾಬ್‌ನಲ್ಲಿ ಹಾಕುವುದಾದರೆ 440 ವೋಲ್ಟ್ ಎಸಿ ರೇಟಿಂಗ್‌ನ ಮೋಟಾರ್ ರನ್ ಕೆಪಾಸಿಟರನ್ನೇ ಹಾಕಿ. ಪಂಪ್‌ಸೆಟ್‌ಗೆ ಹಾಕುವಂಥದ್ದು ಸಿಗುತ್ತದೆ. ಸ್ಟಾರ್ಟಿಂಗ್ ಕೆಪಾಸಿಟರ್ ಬೇಡ, ಅದು ಕೆಲವೇ ಸೆಕೆಂಡಿಗೆ ಮಾಡಿದ್ದು. ಸ್ವಿಚ್ ಆಫ್ ಮಾಡಿದ ಮೇಲೂ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೆ ಉಳಿದಿರಬಹುದು. ಡಿಸ್ಚಾರ್ಜ್ ಮಾಡದೆ ತುದಿ ಮುಟ್ಟಬೇಡಿ.

ಎರಡನೆಯದು ಸೀರೀಸ್. ‘ಚೋಕ್ ಜೊತೆ ಸೀರೀಸ್‌ನಲ್ಲೇ ಕೆಪಾಸಿಟರ್ ಹಾಕಿದರೆ ರಿಯಾಕ್ಟೆನ್ಸ್ ಸೊನ್ನೆ ಆಗುತ್ತಲ್ಲ’ ಅನ್ನುವ ಉಪಾಯ ಪ್ರತಿ ಬ್ಯಾಚ್‌ನಲ್ಲೂ ಒಬ್ಬರಿಗಾದರೂ ಹೊಳೆಯುತ್ತದೆ. ಕಾಗದದ ಮೇಲೆ ಸರಿಯೇ. ಸುಮಾರು 25 ಮೈಕ್ರೋಫ್ಯಾರಡ್ ಹಾಕಿದರೆ 125.6 ಓಮ್ ಹೆಚ್ಚುಕಡಿಮೆ ಪೂರ್ತಿ ಕಳೆದುಹೋಗುತ್ತದೆ, ಪವರ್ ಫ್ಯಾಕ್ಟರ್ 1. ಆದರೆ ಈಗ ಸಪ್ಲೈಗೆ ಎದುರಿರುವುದು ಬರೀ 120.8 ಓಮ್. ಕರೆಂಟ್ 1.9ಕ್ಕೆ ಏರುತ್ತದೆ, ವ್ಯಾಟ್ 210ರಿಂದ 438ಕ್ಕೆ ಹಾರುತ್ತದೆ. ಪವರ್ ಫ್ಯಾಕ್ಟರ್ ಸುಧಾರಿಸಿತು, ಬಿಲ್ ಎರಡರಷ್ಟಾಯಿತು!

ನಿಜವಾದ ಅಪಾಯ ರಿಯೋಸ್ಟಾಟನ್ನು ಕಡಿಮೆ ಮಾಡುತ್ತಾ ಹೋದಾಗ. ಅದನ್ನು ಸೊನ್ನೆಗೆ ತಂದರೆ ಉಳಿಯುವುದು ಚೋಕ್‌ನ 20.8 ಓಮ್. ಲೆಕ್ಕದ ಪ್ರಕಾರ 11 ಆಂಪಿಯರ್, ಕೆಪಾಸಿಟರ್ ಮೇಲೆ 1,389 ವೋಲ್ಟ್. ವಾಸ್ತವದಲ್ಲಿ ಕೋರ್ ಅದಕ್ಕೂ ಮುಂಚೆಯೇ ಸ್ಯಾಚುರೇಟ್ ಆಗಿ ಅಂಕಿಗಳು ಬೇರೆಯಾಗುತ್ತವೆ. ಹಾಗಂತ ಅಪಾಯ ಕಡಿಮೆಯಾಗುವುದಿಲ್ಲ. ಕರೆಂಟ್ ಮೆಲ್ಲಗೆ ಏರುವ ಬದಲು ಒಮ್ಮೆಲೇ ಜಿಗಿಯಬಹುದು. 440 ವೋಲ್ಟ್ ಕೆಪಾಸಿಟರ್ ಅಷ್ಟು ಹೊತ್ತಿಗೆ ಉಬ್ಬಿ ಒಡೆದಿರುತ್ತದೆ.

ಸೀರೀಸ್ ರೆಸೊನೆನ್ಸ್ ನೋಡಲೇಬೇಕು ಅಂದರೆ ಮೇಷ್ಟ್ರು ಪಕ್ಕದಲ್ಲಿರುವಾಗ, ರಿಯೋಸ್ಟಾಟ್ ಪೂರ್ತಿ 100 ಓಮ್‌ನಲ್ಲೇ ಇಟ್ಟು, ವೇರಿಯಾಕ್ ಮೂಲಕ 20 ವೋಲ್ಟ್‌ನಿಂದ ಶುರು ಮಾಡಿ. ವೋಲ್ಟ್‌ಮೀಟರನ್ನು ಸಪ್ಲೈ ಮೇಲೆ ಕಟ್ಟಬೇಡಿ, ಕೆಪಾಸಿಟರ್ ಮೇಲೆ ಕಟ್ಟಿ. ರಿಯೋಸ್ಟಾಟ್ ಮೇಲೆ ಬರೆದಿರುವ ಆಂಪಿಯರ್ 2ಕ್ಕಿಂತ ಕಡಿಮೆ ಇದ್ದರೆ 230ರ ತನಕ ಹೋಗಲೇಬೇಡಿ.